ಗಾಳಿಗೂ ಉಂಟು ಉಬ್ಬರವಿಳಿತ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಭೂವಿಜ್ಞಾನದ ಸಾರಾಂಶದ ಹಾಳೆಯೊಂದು ಇದ್ದೇ ಇರುತ್ತದೆ. ಉಬ್ಬರವಿಳಿತಕ್ಕೆ ನಾಲ್ಕು ಸಾಲು, ಸಾಗರ ಪ್ರವಾಹಕ್ಕೆ ಶೀತ-ಉಷ್ಣ ಎಂಬ ಎರಡು ಪಟ್ಟಿ, ವಾಯುಮಂಡಲಕ್ಕೆ ಐದು ಪದರಗಳ ಚಿತ್ರ. ಬರೆದಿರುವುದೆಲ್ಲ ಬಹುಪಾಲು ಸರಿಯೇ. ಆದರೆ ಮೂರಕ್ಕೂ ಬೇರೆ ಬೇರೆ ಚೌಕ ಹಾಕಿಬಿಟ್ಟಿರುವುದರಿಂದ, ಒಂದರ ಗಾಳಿ ಇನ್ನೊಂದಕ್ಕೆ ಸೋಕುವುದೇ ಇಲ್ಲ ಎಂಬ ಭಾವನೆ ಬರುತ್ತದೆ.

ಮೊದಲ ಚೌಕವನ್ನೇ ನೋಡಿ. 'ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ' ಎಂದಿರುತ್ತದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಹೆಕ್ಕುವವರಿಗೆ ಇಷ್ಟು ತಿಳಿದರೆ ಸಾಲದು. ಎಷ್ಟು ಗಂಟೆಗೆ ಎಂಬುದೇ ಅವರಿಗೆ ಮುಖ್ಯ. ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಚಂದ್ರ ತಾನೂ ಸ್ವಲ್ಪ ಮುಂದೆ ಸರಿದಿರುತ್ತಾನೆ. ಅವನನ್ನು ಮತ್ತೆ ಹಿಡಿಯಲು ಭೂಮಿಗೆ ಸುಮಾರು 50 ನಿಮಿಷ ಹೆಚ್ಚು ಬೇಕು. ಹಾಗಾಗಿ ಇಂದು ಬೆಳಿಗ್ಗೆ 6ಕ್ಕೆ ಉಬ್ಬರವಾದರೆ ಮುಂದಿನದು ಸಂಜೆ 6.25ಕ್ಕೆ, ನಾಳೆ ಬೆಳಗಿನದು 6.50ಕ್ಕೆ. ಹೀಗೆ ಏಳು ದಿನ ಜಾರಿದರೆ ಉಬ್ಬರ ನಡುಹಗಲಿನ ಹತ್ತಿರ ಬರುತ್ತದೆ. ಹೋದ ವಾರ ನೀರು ತುಂಬಿದ್ದ ಆರು ಗಂಟೆಯ ಹೊತ್ತಿಗೆ ಈ ವಾರ ಕೆಸರು ಕಾಣುತ್ತದೆ.

ಎತ್ತರದ ವಿಷಯದಲ್ಲೂ ಹಾಳೆ ಪೂರ್ತಿ ಹೇಳುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಮತ್ತು ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಹೆಚ್ಚುತ್ತದೆ, ನಿಜ. ಆದರೆ ಅದೇ ಚಂದ್ರನ ಕೆಳಗೆ ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಒಂದೂವರೆ, ಎರಡು ಮೀಟರ್ ಮಾತ್ರ. ಗುಜರಾತಿನ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ 10 ಮೀಟರ್ ಆಸುಪಾಸು. ಅಲ್ಲಿ ಕೊಲ್ಲಿ ಲಾಳಿಕೆಯಂತೆ ಕಿರಿದಾಗುತ್ತ, ಆಳ ಕಡಿಮೆಯಾಗುತ್ತ ಹೋಗುತ್ತದೆ. ಒಳನುಗ್ಗಿದ ನೀರಿಗೆ ಅಗಲವಾಗಿ ಹರಡಲು ಜಾಗವಿಲ್ಲದೆ ಮೇಲೇರುತ್ತದೆ. ಚಂದ್ರ ಕೊಡುವುದು ತಳ್ಳು. ಎತ್ತರ ನಿರ್ಧರಿಸುವುದು ಬಹುಮಟ್ಟಿಗೆ ದಡದ ಆಕಾರ.

ಪ್ರವಾಹಗಳ ಪಟ್ಟಿಯ ಬಗ್ಗೆ ಒಂದೇ ತಕರಾರು. ಅಲ್ಲಿನ ಬಾಣಗಳು ವರ್ಷವಿಡೀ ಒಂದೇ ಕಡೆ ಮುಖ ಮಾಡಿರುತ್ತವೆ. ಅರಬ್ಬಿ ಸಮುದ್ರದಲ್ಲಿ ಹಾಗಲ್ಲ. ನಮ್ಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತದೆ. ಮಾನ್ಸೂನ್ ಗಾಳಿ ದಿಕ್ಕು ಬದಲಿಸುವುದೇ ಇದರ ಮೂಲ.

ಇನ್ನು ವಾಯುಮಂಡಲದ ಚಿತ್ರ. ಕೆಳಗಿನ ಪರಿವರ್ತನ ಮಂಡಲದಲ್ಲಿ ಮೇಲೇರಿದಂತೆ ಚಳಿ, ಅದರ ಮೇಲಿನ ಸಮೋಷ್ಣ ಮಂಡಲದಲ್ಲಿ ಮೇಲೇರಿದಂತೆ ಬಿಸಿ. ಸೂರ್ಯನ ಅತಿನೇರಳೆ ಕಿರಣವನ್ನು ಓಝೋನ್ ಹೀರಿ ಕಾಯುವುದೇ ಈ ಬಿಸಿಗೆ ಕಾರಣ ಎಂದೂ ಬರೆದಿರುತ್ತದೆ. ಅಲ್ಲಿಗೆ ಸಾಲು ಮುಗಿಯುತ್ತದೆ, ಸ್ವಾರಸ್ಯ ಶುರುವಾಗುವುದು ಅದರ ನಂತರ. ಹಗಲು ಕಾಯುವ, ರಾತ್ರಿ ತಣಿಯುವ ಈ ಓಝೋನ್ ಪದರವೂ ಕೆಳಗಿನ ನೀರಾವಿಯೂ ಸೇರಿ ಇಡೀ ವಾಯುಮಂಡಲದಲ್ಲಿ ಅಲೆ ಎಬ್ಬಿಸುತ್ತವೆ. ಅವುಗಳಲ್ಲಿ ಅರ್ಧ ದಿನಕ್ಕೊಮ್ಮೆ ಮರಳುವ ಅಲೆ ನೆಲದವರೆಗೂ ಸಲೀಸಾಗಿ ಇಳಿದು ಬರುತ್ತದೆ. ಅದೇ ಗಾಳಿಯ ಉಬ್ಬರವಿಳಿತ.

ಇದನ್ನು ಬೆಂಗಳೂರಿನ ಮನೆಯಲ್ಲೇ ಕುಳಿತು ನೋಡಬಹುದು. ವಾಯುಭಾರ ಬೆಳಿಗ್ಗೆ ಸುಮಾರು 10ಕ್ಕೆ ತುದಿಗೇರಿ, ಸಂಜೆ 4ರ ಹೊತ್ತಿಗೆ ಮೂರು ನಾಲ್ಕು ಮಿಲಿಬಾರ್ ಇಳಿಯುತ್ತದೆ. ರಾತ್ರಿ 10ಕ್ಕೆ ಮತ್ತೆ ಏರಿ, ನಸುಕಿನ 4ಕ್ಕೆ ಮತ್ತೆ ಇಳಿಯುತ್ತದೆ. ವಾಯುಭಾರ ಅಳೆದು ಎತ್ತರ ತೋರಿಸುವ ಚಾರಣದ ಕೈಗಡಿಯಾರ ಇದ್ದರೆ, ಕುರ್ಚಿಯಿಂದ ಏಳದ ನೀವು ಸಂಜೆಯೊಳಗೆ ಸುಮಾರು 30 ಮೀಟರ್ ಹತ್ತಿದ್ದೀರಿ ಎಂದು ಅದು ಹೇಳಬಹುದು. ಗಡಿಯಾರ ಕೆಟ್ಟಿಲ್ಲ, ಗಾಳಿ ಇಳಿದಿದೆ. ಸಮುದ್ರದ ಉಬ್ಬರದಂತೆ ಇದು ದಿನಕ್ಕೆ 50 ನಿಮಿಷ ಜಾರುವುದಿಲ್ಲ. ಇಲ್ಲಿ ಯಜಮಾನ ಸೂರ್ಯ, ಅದೂ ಸೆಳೆತದಿಂದಲ್ಲ, ಶಾಖದಿಂದ. ಚಂದ್ರನೂ ಗಾಳಿಯನ್ನು ಎಳೆಯುತ್ತಾನೆ. ಅದರಿಂದಾಗುವ ವ್ಯತ್ಯಾಸ ಮಿಲಿಬಾರ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ.

ಹವಾಮಾನದವರಿಗೆ ಈ ಏರಿಳಿತ ಒಂದು ತೊಡಕು. ಮಧ್ಯಾಹ್ನ ವಾಯುಭಾರ ಮೂರು ಮಿಲಿಬಾರ್ ಕುಸಿದರೆ ಅದು ನಿತ್ಯದ ಇಳಿತವೋ, ಸಮುದ್ರದಲ್ಲಿ ಹುಟ್ಟುತ್ತಿರುವ ವಾಯುಭಾರ ಕುಸಿತದ ಸುಳಿವೋ? ಅದಕ್ಕೇ ಅವರು ಬೆಳಗಿನ ಅಂಕಿಯೊಡನೆ ಸಂಜೆಯದನ್ನು ಹೋಲಿಸುವುದಿಲ್ಲ. ನಿನ್ನೆ ಇದೇ ಗಂಟೆಗೆ ಎಷ್ಟಿತ್ತು ಎಂದು ನೋಡುತ್ತಾರೆ. ನಿಮ್ಮ ಫೋನಿನಲ್ಲಿ ವಾಯುಭಾರದ ಸೆನ್ಸರ್ ಇದ್ದರೆ, ಮೋಡವಿಲ್ಲದ ಒಂದು ದಿನ ಬೆಳಿಗ್ಗೆ 10ಕ್ಕೂ ಸಂಜೆ 4ಕ್ಕೂ ಅಂಕಿ ಬರೆದಿಟ್ಟುಕೊಂಡು ನೋಡಿ.