ಸ್ವನಾಮ ಮತ್ತು ಪರನಾಮ

ಒಂದು ದೇಶದ ಜನರು ತಮ್ಮ ನುಡಿಯಲ್ಲಿ ಅದಕ್ಕೆ ಇಟ್ಟುಕೊಂಡ ಹೆಸರು ಸ್ವನಾಮ. ಅನ್ಯಭಾಷಿಕರು ಅದನ್ನು ಕರೆಯುವ ಹೆಸರು ಪರನಾಮ. ಪರನಾಮವೆಲ್ಲವೂ ಸ್ವನಾಮದ ಅಪಭ್ರಂಶವೆಂದು ಭಾವಿಸುವುದು ಸರಿಯಲ್ಲ. ಇದಕ್ಕೆ ಜರ್ಮನಿಯೇ ನಿದರ್ಶನವಾಗಿದೆ.

ಆ ದೇಶದವರು ತಮ್ಮ ನಾಡನ್ನು ‘ಡಾಯ್ಚ್‌ಲಾಂಟ್’ ಎನ್ನುವರು. ಇದರ ಪೂರ್ವಪದವು ‘ಜನರದು’ ಎಂಬರ್ಥದ ಪ್ರಾಚೀನ ಶಬ್ದದಿಂದ ಬಂದುದು. ಲ್ಯಾಟಿನ್ನಿಗೆ ಪ್ರತಿಯಾಗಿ ಜನರಾಡುತ್ತಿದ್ದ ನುಡಿಗೆ ಆ ಹೆಸರು ಮೊದಲು ಸಂದು, ಬಳಿಕ ಜನರಿಗೂ ನಾಡಿಗೂ ಹಬ್ಬಿತು.

ನೆರೆಯವರಾದರೋ ತಾವು ಬಲ್ಲ ಒಂದು ಕುಲದ ಹೆಸರನ್ನೇ ಇಡೀ ದೇಶಕ್ಕೆ ಇಟ್ಟರು. ಫ್ರೆಂಚರ ‘ಅಲ್ಮಾಞ್’ ರೈನ್ ನದಿಯ ಮೇಲ್ದಂಡೆಯ ಅಲೆಮನ್ನಿ ಕುಲದಿಂದಲೂ, ಫಿನ್ನರ ‘ಸಾಕ್ಸ’ ಉತ್ತರದ ಸ್ಯಾಕ್ಸನರಿಂದಲೂ ಬಂದುವು. ಪೋಲರ ‘ನ್ಯೆಮ್‌ತ್ಸಿ’ ಎಂಬುದಕ್ಕೆ, ಬಹುಮಂದಿ ಒಪ್ಪುವಂತೆ, ‘ಮೂಕ’ ಎಂಬರ್ಥದ ಸ್ಲಾವ್ ಶಬ್ದವೇ ಮೂಲ. ತಮ್ಮ ಮಾತನ್ನು ಆಡಲರಿಯದವರೆಂದು ಅಭಿಪ್ರಾಯ.

ಪರನಾಮವು ಭಾಷೆಯಿಂದ ಭಾಷೆಗೆ ಸಾಗುವುದೂ ಉಂಟು. ಹಂಗೇರಿಯವರು ಜರ್ಮನರನ್ನು ಕರೆಯುವ ‘ನೇಮೆತ್’ ಸ್ಲಾವರಿಂದ ಪಡೆದುದು; ಕನ್ನಡದ ‘ಜರ್ಮನಿ’ ರೋಮನರ ‘ಗೆರ್ಮಾನಿಯ’ವೇ, ಇಂಗ್ಲಿಷಿನ ಮೂಲಕ ಬಂದುದು. ಆದುದರಿಂದ ಪರನಾಮವು ಯಾರು ಯಾರ ಸಂಪರ್ಕದಲ್ಲಿದ್ದರೆಂಬುದನ್ನು ಸೂಚಿಸಬಲ್ಲದು. ಆ ದೇಶದವರು ತಮ್ಮನ್ನು ಏನೆಂದುಕೊಂಡರೆಂಬುದಕ್ಕೆ ಸ್ವನಾಮವನ್ನೇ ನೋಡಬೇಕು.