ಆರು ತಿಂಗಳಾಯಿತು, ಪತ್ರ ಎಲ್ಲಿ?

ನಮ್ಮಕ್ಕನ ಮಗಳು ಜುಲೈ 1ರಂದು ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಸೇರಿದಳು. ಆರು ತಿಂಗಳ ಪ್ರೊಬೇಷನ್. ಡಿಸೆಂಬರ್ ಮುಗಿಯಿತು, ಸಂಕ್ರಾಂತಿಯ ಎಳ್ಳುಬೆಲ್ಲವೂ ಮುಗಿಯಿತು, ಕನ್ಫರ್ಮೇಷನ್ ಲೆಟರ್ ಮಾತ್ರ ಬರಲಿಲ್ಲ. "ಯಾರೂ ಏನೂ ಅಂದಿಲ್ಲ ಮಾಮ, ಅಂದ್ಮೇಲೆ ಪರ್ಮನೆಂಟ್ ಆದಂಗೇ ತಾನೆ?" ಎಂದಳು.

ಅಷ್ಟು ಸುಲಭವಲ್ಲ. ಅವಳ ಅಪಾಯಿಂಟ್‌ಮೆಂಟ್ ಲೆಟರ್ ತೆಗೆಸಿ ಓದಿದೆ. 'ಲಿಖಿತವಾಗಿ ಕಾಯಂ ಮಾಡುವವರೆಗೂ ಪ್ರೊಬೇಷನ್ ಮುಂದುವರಿಯುತ್ತದೆ' ಎಂಬ ಸಾಲು ಅಲ್ಲಿತ್ತು. ಈ ಸಾಲಿದ್ದರೆ ಕಂಪನಿ ಸುಮ್ಮನಿದ್ದಷ್ಟು ದಿನವೂ ನೀವು ಪ್ರೊಬೇಷನರ್ರೇ. ಇದಕ್ಕಿಂತ ಹೆಚ್ಚು ವಿಸ್ತರಿಸುವಂತಿಲ್ಲ ಎಂದು ನಿಯಮವೇ ಗಡುವು ಹಾಕಿದ್ದರೆ ಮಾತು ಬೇರೆ. ಪಂಜಾಬಿನ ಶಿಕ್ಷಕರ ವಿಷಯದಲ್ಲಿ, ಧರಂ ಸಿಂಗ್ ಪ್ರಕರಣದಲ್ಲಿ, ಅಂಥ ಗಡುವು ದಾಟಿ ಕೆಲಸದಲ್ಲಿ ಮುಂದುವರಿದವರು ಕಾಯಂ ಆದಂತೆಯೇ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಇವಳ ಪತ್ರದಲ್ಲಿ ಗಡುವೇ ಇರಲಿಲ್ಲ.

ಕೆಳಗೆ ಇನ್ನೊಂದು ಸಾಲು: ಸಂಬಳವಿಲ್ಲದ ರಜೆ ಎಷ್ಟು ದಿನವೋ ಪ್ರೊಬೇಷನ್ ಅಷ್ಟು ದಿನ ಮುಂದಕ್ಕೆ. ಡೆಂಗಿ ಬಂದಾಗ ಅವಳಿಗೆ ಒಂಬತ್ತು ದಿನ ಎಲ್‌ಒಪಿ ಬಿದ್ದಿತ್ತು. ಹಾಗಾಗಿ ಪ್ರೊಬೇಷನ್ ಮುಗಿದದ್ದು ಡಿಸೆಂಬರ್ 31ಕ್ಕಲ್ಲ, ಜನವರಿ 9ಕ್ಕೆ. ಈ ಲೆಕ್ಕ ಹಾಕದೆ ಕೇಳಿದ್ದರೆ, ತಾರೀಕು ತಪ್ಪು ಎಂಬ ಉತ್ತರದಲ್ಲೇ ಮಾತು ಮುಗಿಯುತ್ತಿತ್ತು.

ಇಂಥ ಪತ್ರ ತಡವಾಗುವುದು ಹೆಚ್ಚಾಗಿ ದ್ವೇಷದಿಂದಲ್ಲ. ಮ್ಯಾನೇಜರ್ ಮೌಲ್ಯಮಾಪನದ ಫಾರ್ಮ್ ತುಂಬಿ ಕಳಿಸಬೇಕು, ಆಮೇಲೆ ಎಚ್‌ಆರ್ ಪತ್ರ ಕೊಡಬೇಕು. ಫಾರ್ಮ್ ಮ್ಯಾನೇಜರ್ ಮೇಜಿನಲ್ಲೇ ಕೂತಿರುತ್ತದೆ. ಆದ್ದರಿಂದ 'ನನ್ನ ಕನ್ಫರ್ಮೇಷನ್ ಏನಾಯ್ತು ಸರ್?' ಎನ್ನುವುದಕ್ಕಿಂತ 'ಫಾರ್ಮ್ ಎಚ್‌ಆರ್‌ಗೆ ಹೋಯ್ತಾ ಸರ್?' ಎಂದು ಕೇಳುವುದು ವಾಸಿ. ಅವಳು ಬಾಯಲ್ಲಿ ಕೇಳಿ, ಅದೇ ಸಂಜೆ ನಾಲ್ಕು ಸಾಲಿನ ಮೇಲ್ ಹಾಕಿದಳು: ಸೇರಿದ ದಿನ, ಎಲ್‌ಒಪಿ ಸೇರಿಸಿ ಪ್ರೊಬೇಷನ್ ಮುಗಿದ ದಿನ, ಜನವರಿ 10ರಿಂದ ಜಾರಿಯಾಗುವಂತೆ ಪತ್ರ ಕೊಡಿಸಬೇಕೆಂಬ ವಿನಂತಿ, ವಿಸ್ತರಿಸುವುದಾದರೆ ಕಾರಣವನ್ನೂ ಅವಧಿಯನ್ನೂ ಬರೆದು ತಿಳಿಸಿ ಎಂಬ ಕೊನೆಯ ಸಾಲು.

ಪತ್ರವಿಲ್ಲದ ಮಾತ್ರಕ್ಕೆ ಪೂರ್ತಿ ಅನಾಥರೇನೂ ಅಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ, ಅದರ ವ್ಯಾಪ್ತಿಗೆ ಬರುವ ನೌಕರ ಸತತ ಆರು ತಿಂಗಳು ದುಡಿದಿದ್ದರೆ, ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲಿನ ಸಂಬಳವನ್ನೋ ಕೊಡದೆ ತೆಗೆಯುವಂತಿಲ್ಲ.

ಹತ್ತು ದಿನಕ್ಕೆ ಪತ್ರ ಬಂತು, ಆದರೆ 'ಫೆಬ್ರುವರಿ 1ರಿಂದ' ಎಂದು. ಆ ವರ್ಷದ ಇನ್ಕ್ರಿಮೆಂಟಿಗೆ ಜನವರಿಯೊಳಗೆ ಕಾಯಂ ಆಗಿರಬೇಕಿತ್ತು. ಹಳೆಯ ಮೇಲ್‌ಗೇ ಉತ್ತರಿಸಿ ತಾರೀಕು ತಿದ್ದಿಸಿಕೊಂಡಳು. ಸಹಿ ಹಾಕುವಾಗಲಷ್ಟೇ ಕಂಡದ್ದು: ಹದಿನೈದು ದಿನವಿದ್ದ ನೋಟಿಸ್ ಪೀರಿಯಡ್ ಈಗ ಅರವತ್ತಾಗಿದೆ. "ಬಿಟ್ಟು ಹೋಗ್ಬೇಕಂದ್ರೆ ಈಗ ಎರಡು ತಿಂಗಳು ಕಾಯ್ಬೇಕು ಮಾಮ!" ಎಂದು ನಕ್ಕಳು.