ಒಂಬತ್ತು ಸಾವಿರ ಉಳಿಸುವ ಹಂಚಿಕೆ

ಹುಬ್ಬಳ್ಳಿಯಲ್ಲಿ ವಿದ್ಯುತ್ ಸಾಮಾನು ಮಾರುವ ಒಬ್ಬ ವ್ಯಾಪಾರಿಯ ಲೆಕ್ಕ ನೋಡೋಣ. ಎಲ್ಲ ಸರಕಿಗೂ ಶೇಕಡ 18 ತೆರಿಗೆ. ಗುಜರಾತಿನಿಂದ 2 ಲಕ್ಷದ ಮಾಲು ತರಿಸಿದಾಗ ಅವರು 36,000 ರೂಪಾಯಿ ಐಜಿಎಸ್‌ಟಿ ಕೊಟ್ಟಿದ್ದಾರೆ. ಊರಲ್ಲೇ ಕೊಂಡ 1 ಲಕ್ಷದ ಮಾಲಿಗೆ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000.

ಆ ತಿಂಗಳು ರಾಜ್ಯದೊಳಗೆ 3 ಲಕ್ಷದ ವ್ಯಾಪಾರವಾಗಿದೆ, ಗೋವಾಕ್ಕೆ 50,000 ರೂಪಾಯಿಯದು. ಹಾಗಾಗಿ ಕಟ್ಟಬೇಕಾದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 27,000, ಐಜಿಎಸ್‌ಟಿ 9,000.

ಮೊದಲು ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ಖರ್ಚಾಗಬೇಕು ಎನ್ನುತ್ತದೆ ಕಾನೂನು. ಗೋವಾದ ಬಾಕಿ ತೀರಿದ ಮೇಲೆ 27,000 ಉಳಿಯುತ್ತದೆ. ಅದನ್ನು ಉಳಿದೆರಡು ತೆರಿಗೆಗಳಿಗೆ ಹೇಗೆ ಬೇಕಾದರೂ ಹಂಚಬಹುದು, ಎಡವುವುದು ಇಲ್ಲೇ.

ಇಡೀ ಮೊತ್ತವನ್ನು ಸಿಜಿಎಸ್‌ಟಿಗೇ ಹಾಕಿದರೆ ಆ ಬಾಕಿ ಸೊನ್ನೆಯಾಗುತ್ತದೆ. ಆದರೆ ಸ್ವಂತ ಸಿಜಿಎಸ್‌ಟಿ ಕ್ರೆಡಿಟ್ 9,000 ಬಳಕೆಯಾಗದೆ ಮುಂದಿನ ತಿಂಗಳಿಗೆ ಹೋಗುತ್ತದೆ, ಏಕೆಂದರೆ ಅದನ್ನು ಎಸ್‌ಜಿಎಸ್‌ಟಿಗೆ ಹೊಂದಿಸುವಂತಿಲ್ಲ. ಎಸ್‌ಜಿಎಸ್‌ಟಿಗೆ 18,000 ನಗದು ಕಟ್ಟಬೇಕು. ಬದಲಿಗೆ ಸಿಜಿಎಸ್‌ಟಿಗೆ 18,000, ಎಸ್‌ಜಿಎಸ್‌ಟಿಗೆ 9,000 ಹಂಚಿದರೆ ನಗದು 9,000 ಮಾತ್ರ.

GSTR-3B ಸಲ್ಲಿಸುವ ಮುನ್ನ ಪಾವತಿ ಕೋಷ್ಟಕದಲ್ಲಿ ಒಂದು ಕಡೆ ಕ್ರೆಡಿಟ್ ಮಿಕ್ಕು, ಇನ್ನೊಂದು ಕಡೆ ನಗದು ಕೇಳುತ್ತಿದ್ದರೆ ಹಂಚಿಕೆ ತಿದ್ದಬೇಕು. ಗುಜರಾತಿನ ಬಿಲ್ಲು GSTR-2Bಯಲ್ಲಿ ಕಾಣದಿದ್ದರೆ ಮಾತ್ರ ಆ 36,000 ಈ ತಿಂಗಳು ಕೈಗೆ ಸಿಗದು.